−18 ಡಿಗ್ರಿ, 33 ಡಿಗ್ರಿ ನಡುವಿನ ರಿವರ್ಸಿಬಲ್ ಫ್ರಿಜ್: ಹೊರಗೆ ಹೋಗುವ ಶಾಖ 700 ಜೂಲೋ, 720 ಜೂಲೋ?

ಕೊನೆಬೆಂಚು_ಕಿರಣ

ಎಲ್ಲರಿಗೂ ನಮಸ್ಕಾರ. ಥರ್ಮೊಡೈನಮಿಕ್ಸ್ ಲೆಕ್ಕವೊಂದರಲ್ಲಿ ಉತ್ತರ ತಾಳೆಯಾಗುತ್ತಿಲ್ಲ. ಲೆಕ್ಕ ಹೀಗಿದೆ: ರಿವರ್ಸಿಬಲ್ ಫ್ರಿಜ್ ಒಂದರ ಒಳಗೆ −18 ಡಿಗ್ರಿ, ಹೊರಗಿನ ಕೋಣೆಯಲ್ಲಿ 33 ಡಿಗ್ರಿ. ಪ್ರತಿ ಆವರ್ತಕ್ಕೆ ಅದು ಒಳಗಿನಿಂದ 600 ಜೂಲ್ ಶಾಖ ತೆಗೆಯುತ್ತದೆ. ಅದರ ಸಿಒಪಿ ಎಷ್ಟು, ಪ್ರತಿ ಆವರ್ತಕ್ಕೆ ಕೋಣೆಗೆ ಬಿಡುವ ಶಾಖ ಎಷ್ಟು?

ನಾನು ಮಾಡಿದ್ದು ಇಷ್ಟು. ಎರಡನ್ನೂ ಕೆಲ್ವಿನ್‌ಗೆ ತಂದೆ, 255 ಮತ್ತು 306. ಕಾರ್ನೋ ದಕ್ಷತೆ 1 − 255/306, ಅಂದರೆ ಆರರಲ್ಲಿ ಒಂದು ಭಾಗ. 600ರ ಆರನೇ ಒಂದು ಭಾಗ 100 ಜೂಲ್ ಕೆಲಸ. ಹೊರಗೆ ಹೋಗುವುದು 600 + 100 = 700 ಜೂಲ್. ಹಿಂದಿನ ಪುಟದ ಉತ್ತರದಲ್ಲಿ ಸಿಒಪಿ 5, ಶಾಖ 720 ಜೂಲ್ ಅಂತಿದೆ. ಅಚ್ಚಿನ ತಪ್ಪಾ?

ಸೂತ್ರಧಾರ

ಅಚ್ಚಿನ ತಪ್ಪೇ ಇರಬೇಕು. ಫ್ರಿಜ್ ಅಂದರೆ ಎಂಜಿನ್ನನ್ನು ಉಲ್ಟಾ ಓಡಿಸಿದ ಹಾಗೆ, ಹಾಗಾಗಿ ಸಿಒಪಿ ಅಂದರೆ ದಕ್ಷತೆಯನ್ನೂ ಉಲ್ಟಾ ಮಾಡಿದ್ದು. 1/6 ಉಲ್ಟಾ ಮಾಡಿದರೆ 6. 600 ಭಾಗಿಸು 6, ಕೆಲಸ 100. ನಿಮ್ಮ 700 ಸರಿ ಇದೆ.

ವಸುಧಾ_ಥರ್ಮೊ

ಪುಸ್ತಕ ಸರಿ ಇದೆ ಕಿರಣ್. ಸೂತ್ರಧಾರ ಅವರು ಹೇಳಿದ್ದರಲ್ಲಿ ಅರ್ಧ ನಿಜ, ಆದರೆ ಉತ್ತರ ಕೆಡುವುದು ಉಳಿದ ಅರ್ಧದಲ್ಲಿ.

ದಕ್ಷತೆ ಆರರಲ್ಲಿ ಒಂದು ಎಂದಾಗ ಕೇಳಬೇಕಾದದ್ದು "ಯಾವುದರ ಆರರಲ್ಲಿ ಒಂದು" ಎಂದು. ಎಂಜಿನ್ ಬಿಸಿ ಕಡೆಯಿಂದ ಶಾಖ ತೆಗೆದುಕೊಳ್ಳುತ್ತದೆ, ಅದರಲ್ಲಿ ಆರನೇ ಒಂದು ಪಾಲನ್ನು ಕೆಲಸವಾಗಿ ಕೊಡುತ್ತದೆ, ಉಳಿದ ಐದು ಪಾಲನ್ನು ತಣ್ಣನೆಯ ಕಡೆ ಬಿಡುತ್ತದೆ. ಅಂದರೆ ಆ ಆರನೇ ಒಂದು ಬಿಸಿ ಕಡೆಯ ಶಾಖದ್ದು. ನೀವು ಅದನ್ನು ತಣ್ಣನೆಯ ಕಡೆಯ 600ಕ್ಕೆ ಅಂಟಿಸಿದ್ದೀರಿ.

ಈಗ ಅದೇ ಎಂಜಿನ್ನನ್ನು ಹಿಂದಕ್ಕೆ ಓಡಿಸಿ. ರಿವರ್ಸಿಬಲ್ ಅನ್ನುವ ಷರತ್ತು ಇರುವುದರಿಂದ ಮೂರು ಮೊತ್ತಗಳೂ ಹಾಗೇ ಉಳಿಯುತ್ತವೆ, ದಿಕ್ಕು ಮಾತ್ರ ತಿರುಗುತ್ತದೆ. ಒಳಗಿನಿಂದ ಐದು ಪಾಲು ಎತ್ತುತ್ತದೆ, ನಾವು ಒಂದು ಪಾಲು ಕೆಲಸ ಕೊಡುತ್ತೇವೆ, ಕೋಣೆಗೆ ಆರು ಪಾಲು ಸುರಿಯುತ್ತದೆ. ಐದು ಪಾಲು 600 ಜೂಲ್ ಆದರೆ ಒಂದು ಪಾಲು 120. ಆರು ಪಾಲು 720.

```
T_C = 255 K,  T_H = 306 K,  T_H − T_C = 51 K

Q_C : W : Q_H = T_C : (T_H − T_C) : T_H
              = 255 : 51 : 306
              = 5 : 1 : 6

COP = Q_C / W = 255 / 51 = 5
W   = 600 / 5 = 120 J
Q_H = 600 + 120 = 720 J
```

ಈ ಮೂರರ ಅನುಪಾತವನ್ನು ಮೊದಲೇ ಬರೆದುಕೊಂಡರೆ ಯಾವ ಸೂತ್ರವನ್ನೂ ಉರು ಹೊಡೆಯಬೇಕಿಲ್ಲ. ಪ್ರಶ್ನೆಯಲ್ಲಿ 600ರ ಬದಲು ಕೆಲಸ 150 ಜೂಲ್ ಅಂತ ಕೊಟ್ಟಿದ್ದರೂ ಇದೇ 5, 1, 6. ಒಳಗಿನಿಂದ 750, ಹೊರಗೆ 900.

ಇನ್ನು ಸೂತ್ರಧಾರರ 6. ದಕ್ಷತೆಯನ್ನು ತಲೆಕೆಳಗು ಮಾಡಿದರೆ ಸಿಗುವುದು ಬಿಸಿ ಕಡೆಯ ಶಾಖವನ್ನು ಕೆಲಸದಿಂದ ಭಾಗಿಸಿದ ಸಂಖ್ಯೆ. ಇದೇ ಯಂತ್ರವನ್ನು ಚಳಿ ದೇಶದಲ್ಲಿ ಮನೆ ಬೆಚ್ಚಗಿಡಲು ಬಳಸಿದರೆ, ಅಂದರೆ ಹೀಟ್ ಪಂಪ್ ಆದರೆ, ಅದರ ಸಿಒಪಿ 6. ಫ್ರಿಜ್‌ಗೆ ನಮಗೆ ಬೇಕಾದದ್ದು ಒಳಗಿನಿಂದ ಹೊರಬಂದ ಶಾಖ, ಹಾಗಾಗಿ ಅದು 5. ಒಂದೇ ಯಂತ್ರ, ಒಂದೇ ಆವರ್ತ. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಯಾವಾಗಲೂ ಸರಿಯಾಗಿ 1.

ಕೊನೆಬೆಂಚು_ಕಿರಣ

ಮೇಡಂ, ಅರ್ಥವಾಯ್ತು. ಆದರೆ 700 ಬರೆದಾಗ ಅದು ತಪ್ಪು ಅಂತ ನನಗೇ ಗೊತ್ತಾಗುವುದು ಹೇಗೆ? ಶಕ್ತಿಯ ಲೆಕ್ಕ ಸರಿಯಾಗಿಯೇ ಕೂಡಿತ್ತು. 600 + 100 = 700. ಪರೀಕ್ಷೆಯಲ್ಲಿ ಹಿಂದಿನ ಪುಟ ಇರುವುದಿಲ್ಲವಲ್ಲ.

ವಸುಧಾ_ಥರ್ಮೊ

ಶಕ್ತಿಯ ಲೆಕ್ಕ ಕೂಡಿಯೇ ಕೂಡುತ್ತದೆ, ಯಾಕೆಂದರೆ 700 ಬಂದದ್ದೇ ಕೂಡಿಸಿ. ಅದರಿಂದ ಏನೂ ಪರೀಕ್ಷೆಯಾಗುವುದಿಲ್ಲ. ಪರೀಕ್ಷೆಯಾಗಬೇಕಾದದ್ದು ಎಂಟ್ರೊಪಿ. ಪ್ರತಿ ಕಡೆಯ ಶಾಖವನ್ನು ಆ ಕಡೆಯ ಕೆಲ್ವಿನ್‌ನಿಂದ ಭಾಗಿಸಿ ನೋಡಿ.

```
600 / 255 = 2.353 J/K
720 / 306 = 2.353 J/K
700 / 306 = 2.288 J/K
```

ಫ್ರಿಜ್‌ನ ಒಳಭಾಗ ಪ್ರತಿ ಆವರ್ತಕ್ಕೆ 2.353 ಕಳೆದುಕೊಳ್ಳುತ್ತದೆ. 720 ಬಿಟ್ಟರೆ ಕೋಣೆ ಅಷ್ಟನ್ನೇ ಗಳಿಸುತ್ತದೆ. ಆವರ್ತ ಮುಗಿದಾಗ ಯಂತ್ರ ಮೊದಲಿನ ಸ್ಥಿತಿಗೇ ಬಂದಿರುತ್ತದೆ, ಅದರ ಪಾಲು ಸೊನ್ನೆ. ಒಟ್ಟು ಬದಲಾವಣೆಯೂ ಸೊನ್ನೆ. ರಿವರ್ಸಿಬಲ್ ಅಂದರೆ ಇದೇ.

700 ಬಿಟ್ಟರೆ ಕೋಣೆ ಗಳಿಸುವುದು 2.288 ಮಾತ್ರ. ಜಗತ್ತಿನ ಒಟ್ಟು ಎಂಟ್ರೊಪಿ ಕಡಿಮೆಯಾಯಿತು ಅಂತ ಆಯಿತು. ಅಂಥ ಯಂತ್ರ ಇರಲು ಸಾಧ್ಯವೇ ಇಲ್ಲ. ನಿಮ್ಮ 700 ಬರೀ ಲೆಕ್ಕದ ಎಡವಟ್ಟಲ್ಲ, ಎರಡನೇ ನಿಯಮವನ್ನು ಮುರಿಯುವ ಫ್ರಿಜ್.

ಇನ್ನೊಂದು ಕಡೆಯಿಂದಲೂ ನೋಡಿ. ಈ ಎರಡು ತಾಪಮಾನಗಳ ನಡುವೆ 600 ಜೂಲ್ ಎತ್ತುವ ಯಾವ ಫ್ರಿಜ್ಜೇ ಆಗಲಿ, ಹೊರಗೆ 720ಕ್ಕಿಂತ ಕಡಿಮೆ ಬಿಡಲಾರದು. ಹೆಚ್ಚು ಬಿಡಬಹುದು. 800 ಬಿಡುವ ಫ್ರಿಜ್ ತೆಗೆದುಕೊಳ್ಳಿ: ಕೆಲಸ 200, ಸಿಒಪಿ 3. 800/306 ಅಂದರೆ 2.614, ಒಟ್ಟು ಎಂಟ್ರೊಪಿ 0.2614 ಹೆಚ್ಚಾಯಿತು. ಈ 0.2614ನ್ನು 306ರಿಂದ ಗುಣಿಸಿ. ಬರುವುದು 80 ಜೂಲ್. 120 ಸಾಲುವಲ್ಲಿ 200 ಸುರಿದೆವಲ್ಲ, ಆ ದಂಡವಾದ 80 ಇದೇ. ಕಾಕತಾಳೀಯ ಅಲ್ಲ, ಕೋಣೆಯ ತಾಪಮಾನ ಗುಣಿಸು ಹುಟ್ಟಿದ ಎಂಟ್ರೊಪಿ, ವ್ಯರ್ಥವಾದ ಕೆಲಸ ಯಾವಾಗಲೂ ಇಷ್ಟೇ.

ಸೂತ್ರಧಾರ

ಒಪ್ಪಿದೆ. ಹೀಟ್ ಪಂಪ್‌ನ ಸೂತ್ರವನ್ನು ಫ್ರಿಜ್‌ಗೆ ಹಾಕಿದಂತಾಯಿತು. ಹಾಗಾದರೆ ದಕ್ಷತೆಯಿಂದಲೇ ಹೊರಡುವವರು 1/η ಇಂದ ಒಂದು ಕಳೆದರೆ ಸಾಕು. 6 − 1 = 5.

ಐಸ್‌ಕ್ಯಾಂಡಿ_ಅಂಗಡಿ

ನಮ್ಮ ಅಂಗಡಿಯಲ್ಲೂ −18ರ ಡೀಪ್ ಫ್ರೀಜರ್ ಇದೆ, ಬೇಸಿಗೆಯಲ್ಲಿ ಒಳಗೆ 33 ಡಿಗ್ರಿ ದಾಟುತ್ತೆ. ಸಿಒಪಿ 5 ಅಂದರೆ ಐದು ಸ್ಟಾರ್ ಇರೋದು ಅಂತಾನಾ? ನಮ್ಮದು ಮೂರು ಸ್ಟಾರ್. ಬದಲಾಯಿಸಿದರೆ ಕರೆಂಟ್ ಬಿಲ್ 5ಕ್ಕೆ 3ರ ಲೆಕ್ಕದಲ್ಲಿ ಇಳಿಯುತ್ತಾ?

ವಸುಧಾ_ಥರ್ಮೊ

ಇಲ್ಲ, ಎರಡಕ್ಕೂ ಸಂಬಂಧವಿಲ್ಲ. ಫ್ರಿಜ್ ಮೇಲಿನ ಸ್ಟಾರ್ ವರ್ಷಕ್ಕೆ ಎಷ್ಟು ಯೂನಿಟ್ ಕುಡಿಯುತ್ತದೆ ಅನ್ನುವುದರ ಮೇಲೆ ಕೊಡುವ ಶ್ರೇಣಿ, ಪೆಟ್ಟಿಗೆಯ ಗಾತ್ರವೂ ಅದರಲ್ಲಿ ಸೇರಿರುತ್ತದೆ. ನೀವು ನೋಡಬೇಕಾದದ್ದು ಲೇಬಲ್ ಮೇಲೆ ಬರೆದಿರುವ ಯೂನಿಟ್ ಸಂಖ್ಯೆ. ಇಲ್ಲಿ ಮಾತಾಡುತ್ತಿರುವ 5 ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ದಾಟಲಾಗದ ಗೆರೆ.

ಗ್ಯಾಸ್‌ಚಾರ್ಜ್_ಹುಬ್ಬಳ್ಳಿ

ನಾ ರಿಪೇರಿ ಮಾಡಾಂವ, ನಂದೊಂದು ಪ್ರಶ್ನಿ ಐತ್ರಿ. ಒಂದು ಆವರ್ತಕ್ಕ 600 ಜೂಲ್ ಅಂದ್ರ ಹೆಂಗ? ಕಂಪ್ರೆಸರ್ ಒಮ್ಮಿ ಆನ್ ಆತು ಅಂದ್ರ ಹದಿನೈದು ಇಪ್ಪತ್ತು ನಿಮಿಷ ಓಡ್ತೈತಿ, ಆಮ್ಯಾಲೆ ಥರ್ಮೊಸ್ಟ್ಯಾಟ್ ಕಟ್ ಮಾಡ್ತೈತಿ. ಅಷ್ಟೊತ್ತು ಓಡಿ ಬರೇ 600 ಜೂಲ್ ತಗದ್ರ ಆ ಫ್ರಿಜ್ ಕೆಟ್ಟೈತಿ ಅಂತ ಅರ್ಥ. ಒಂದು ಲೋಟ ನೀರು ಒಂದು ಡಿಗ್ರಿ ಸುದ್ದಾ ಇಳಿಯಂಗಿಲ್ಲ ಅದರಾಗ.

ಇನ್ನ ಸಿಒಪಿ 5 ಅನ್ನೂದು ಕಾಗದದ ಮ್ಯಾಲಿನ ಮಾತು. ಡೀಪ್ ಫ್ರೀಜರ್ ಕಂಪ್ರೆಸರ್‌ಗಳ ಪಟ್ಟಿ ತಗದು ನೋಡ್ರಿ, ಒಂದೂವರಿ ಆಸುಪಾಸು ಇರ್ತೈತಿ.

ವಸುಧಾ_ಥರ್ಮೊ

ಅಣ್ಣಾ, ನೀವು ಹೇಳುತ್ತಿರುವುದು ಥರ್ಮೊಸ್ಟ್ಯಾಟ್ ಆನ್ ಆಗಿ ಆಫ್ ಆಗುವ ಅವಧಿ. ಲೆಕ್ಕದ ಆವರ್ತ ಬೇರೆ. ಯಂತ್ರದೊಳಗಿನ ಅನಿಲ ಹಿಗ್ಗಿ, ಕುಗ್ಗಿ, ಎರಡೂ ಕಡೆ ಶಾಖ ಕೊಟ್ಟು ತೆಗೆದುಕೊಂಡು ಹೊರಟ ಜಾಗಕ್ಕೇ ಮರಳಿದರೆ ಒಂದು ಆವರ್ತ. ಕಾರ್ನೋ ಊಹಿಸಿದ ಯಂತ್ರದಲ್ಲಿ ಪಿಸ್ಟನ್ ಒಂದು ಸಲ ಹೋಗಿ ಬಂದಂತೆ.

ನಿಮ್ಮ ಕೈಯಲ್ಲಿರುವ ಕಂಪ್ರೆಸರ್‌ಗೆ ಹೋಲಿಸಿ ನೋಡೋಣ. 50 ಹರ್ಟ್ಸ್‌ನಲ್ಲಿ ಅದು ನಿಮಿಷಕ್ಕೆ ಸುಮಾರು 2900 ಸುತ್ತು, ಸೆಕೆಂಡಿಗೆ 48. ತಂಪು ಮಾಡುವ ಸಾಮರ್ಥ್ಯ 150 ವ್ಯಾಟ್ ಅಂದುಕೊಂಡರೆ ಒಂದು ಸುತ್ತಿಗೆ 3 ಜೂಲ್ ಚಿಲ್ಲರೆ. ಆ ವೇಗದಲ್ಲಿ ಸುತ್ತಿಗೆ 600 ಜೂಲ್ ಎತ್ತಿದ್ದರೆ ಅದು 29 ಕಿಲೋವ್ಯಾಟ್ ಆಗುತ್ತಿತ್ತು, ಮನೆಯ ಫ್ರಿಜ್ ಅಲ್ಲ, ದೊಡ್ಡ ಶೈತ್ಯಾಗಾರದ ಕೋಣೆಗೆ ಬೇಕಾಗುವಂಥದ್ದು. ಪರೀಕ್ಷೆಯ ಲೆಕ್ಕದ 600 ಬರೀ ಸುಲಭವಾಗಿ ಭಾಗಿಸಲು ಬರುವ ಸಂಖ್ಯೆ.

ಭೌತಪ್ರಿಯ

ಇಲ್ಲೊಂದು ತಕರಾರು. ಕಂಪ್ರೆಸರ್‌ನ ಒಂದು ಸುತ್ತು ಒಂದು ಆವರ್ತ ಅನ್ನುವುದು ಸರಿಯಲ್ಲ. ಕಂಪ್ರೆಸರ್ ಒಂದು ಸುತ್ತು ತಿರುಗಿದಾಗ ಅದು ನೂಕಿದ ಗ್ಯಾಸ್ ಇನ್ನೂ ಕಂಡೆನ್ಸರ್‌ನ ಮೊದಲ ತಿರುವಿನಲ್ಲಿ ಇರುತ್ತದೆ. ಅದೇ ಗ್ಯಾಸ್ ಕ್ಯಾಪಿಲರಿ ದಾಟಿ, ಕಾಯಿಲ್‌ನಲ್ಲಿ ಕುದಿದು ವಾಪಸ್ ಬರಲು ನೂರಾರು ಸುತ್ತು ಆಗಿರುತ್ತದೆ. ಆವರ್ತ ಅಂದರೆ ಗ್ಯಾಸ್ ಹೊರಟಲ್ಲಿಗೆ ಮರಳುವುದು ಅಂತ ನೀವೇ ಅಂದಿದ್ದೀರಿ.

ವಸುಧಾ_ಥರ್ಮೊ

ನಿರಂತರವಾಗಿ ಹರಿಯುವ ವ್ಯವಸ್ಥೆಯಲ್ಲಿ ಪ್ರತಿ ಸುತ್ತಿಗೂ ಪೈಪಿನ ಪ್ರತಿ ಜಾಗ ಮೊದಲಿನ ಸ್ಥಿತಿಗೇ ಬರುತ್ತದೆ. ಗ್ಯಾಸ್ ಬೇರೆ, ಸ್ಥಿತಿ ಅದೇ. ಆ ಅರ್ಥದಲ್ಲಿ ಯಂತ್ರಕ್ಕೆ ಅದು ಆವರ್ತವೇ.

ಭೌತಪ್ರಿಯ

ಯಂತ್ರಕ್ಕೆ ಇರಬಹುದು, ಗ್ಯಾಸ್‌ಗೆ ಅಲ್ಲ. ಅಲ್ಲಿ "ಪ್ರತಿ ಕಿಲೋಗ್ರಾಂಗೆ" ಅಂತ ಲೆಕ್ಕ ಹಾಕುವುದೇ ಶುದ್ಧ. ರೆಫ್ರಿಜರೇಷನ್ ಎಂಜಿನಿಯರ್‌ಗಳು ಹಾಗೇ ಮಾಡುವುದು. ಸಿಒಪಿ ಅನುಪಾತವಾದ್ದರಿಂದ ಉತ್ತರ ಬದಲಾಗುವುದಿಲ್ಲ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಐಸ್‌ಕ್ಯಾಂಡಿ_ಅಂಗಡಿ

ಸುತ್ತಿನ ಜಗಳ ಬಿಡಿ. ಗೆರೆ 5 ಅಂದ್ರಿ, ಹುಬ್ಬಳ್ಳಿ ಅಣ್ಣ ಒಂದೂವರೆ ಅಂದ್ರು. ಮಧ್ಯದ ಮೂರೂವರೆ ಎಲ್ಲಿ ಹೋಯ್ತು? ಕಂಪನಿಯವರು ಬೇಕಂತ ಹೀಗೆ ಮಾಡ್ತಾರಾ?

ವಸುಧಾ_ಥರ್ಮೊ

ದೊಡ್ಡ ಪಾಲು ಶಾಖ ಹರಿಯಲು ಬೇಕಾದ ತಾಪಮಾನದ ಅಂತರಕ್ಕೆ ಹೋಗುತ್ತದೆ. ಫ್ರೀಜರ್ ಒಳಗೆ −18 ಇದ್ದಾಗ ಕಾಯಿಲ್‌ನ ಗ್ಯಾಸ್ ಕೂಡ −18 ಇದ್ದರೆ ಶಾಖ ಗ್ಯಾಸ್‌ಗೆ ಯಾಕೆ ಬರಬೇಕು? ಬರುವುದೇ ಇಲ್ಲ. ಬರಬೇಕಾದರೆ ಗ್ಯಾಸ್ ಇನ್ನೂ ತಣ್ಣಗಿರಬೇಕು, −25 ಅನ್ನೋಣ. ಹಾಗೇ ಹಿಂಬದಿಯ ಕಂಡೆನ್ಸರ್ 33 ಇದ್ದರೆ ಕೋಣೆಗೆ ಶಾಖ ಬಿಡಲಾರದು, 50ರ ಹತ್ತಿರ ಇರಬೇಕು. ಗ್ಯಾಸ್ ಕಾಣುವ ಲೋಕ −18 ಮತ್ತು 33 ಅಲ್ಲ, −25 ಮತ್ತು 50.

```
T_C = 248 K,  T_H = 323 K
COP = 248 / 75 = 3.3
```

ಅಂತರ 51ರಿಂದ 75ಕ್ಕೆ ಹಿಗ್ಗಿದ್ದರಿಂದಲೇ 5 ಇದ್ದದ್ದು 3.3ಕ್ಕೆ ಇಳಿಯಿತು. ಯಂತ್ರದಲ್ಲಿ ಇನ್ನೂ ಯಾವ ಕೊರತೆಯನ್ನೂ ನಾವು ಎಣಿಸಿಯೇ ಇಲ್ಲ. ಅಂತರ ಇಲ್ಲದೆ ಓಡಿಸಬೇಕಾದರೆ ಶಾಖ ಅನಂತ ನಿಧಾನವಾಗಿ ಹರಿಯಬೇಕು, ರಿವರ್ಸಿಬಲ್ ಫ್ರಿಜ್‌ನ ಬೆಲೆ ಅದು. ಪೂರ್ತಿ ಸಿಒಪಿ ಸಿಗುತ್ತದೆ, ಐಸ್‌ಕ್ರೀಂ ಗಟ್ಟಿಯಾಗುವುದಿಲ್ಲ.

3.3ರಿಂದ ಕೆಳಗೆ ಇಳಿಸುವವರು ಬೇರೆ. ಕ್ಯಾಪಿಲರಿಯಲ್ಲಿ ಗ್ಯಾಸ್ ಒತ್ತಡ ಕಳೆದುಕೊಳ್ಳುವಾಗ ಅದರಿಂದ ಯಾವ ಕೆಲಸವನ್ನೂ ನಾವು ವಾಪಸ್ ಪಡೆಯುವುದಿಲ್ಲ, ಕಾರ್ನೋ ಯಂತ್ರ ಪಡೆಯುತ್ತದೆ. ಮೋಟರ್ ತಾನೇ ಬಿಸಿಯಾಗುತ್ತದೆ, ಸಿಲಿಂಡರ್ ಗೋಡೆ ಒಳಬಂದ ತಣ್ಣನೆಯ ಗ್ಯಾಸನ್ನು ಕಾಯಿಸುತ್ತದೆ. ಎಲ್ಲ ಸೇರಿ ಒಂದೂವರೆ. ಹಾಗಾದಾಗ ಅದೇ 600 ಜೂಲ್ ಎತ್ತಲು 400 ಜೂಲ್ ಕೆಲಸ, ಕೋಣೆಗೆ 1000 ಜೂಲ್. ಕಿರಣ್ ಅವರ 720ರ ಪಕ್ಕ ಇದನ್ನಿಟ್ಟು ನೋಡಿ, ನಿಮ್ಮ ಅಂಗಡಿ ಯಾಕೆ ಬಿಸಿ ಅಂತ ಗೊತ್ತಾಗುತ್ತದೆ.

ಗ್ಯಾಸ್‌ಚಾರ್ಜ್_ಹುಬ್ಬಳ್ಳಿ

ಇದು ಸರಿ ಹೇಳಿದ್ರಿ ಅಕ್ಕಾರ. ಅಂಗಡಿಯವ್ರಿಗೆ ಒಂದು ಮಾತು. ಕಂಡೆನ್ಸರ್ ಜಾಳಗಿಗೆ ಧೂಳು ಕುಂತ್ರ, ಇಲ್ಲಾ ಫ್ರೀಜರ್ ಗೋಡಿಗೆ ಒತ್ತಿ ಇಟ್ರ, 50 ಇದ್ದದ್ದು 60 ಆಗ್ತೈತಿ. ಅವರ ಸೂತ್ರದಾಗ ಹಾಕಿ ನೋಡಿದೆ, 248 ಭಾಗಿಸು 85, ಅಂದ್ರ 2.9. ಹತ್ತು ಡಿಗ್ರಿಗೆ ನೂರಕ್ಕ ಹನ್ನೆರಡು ಹೋತು, ಬರೇ ಧೂಳಿಗೆ. ಬ್ರಷ್ ಹಚ್ಚಿ ಒರಸ್ರಿ, ಹಿಂದ ಗಾಳಿ ಆಡಾಕ ಜಾಗ ಬಿಡ್ರಿ.

ಆರ್600ಎ ಗ್ಯಾಸ್ ಇದ್ರ ಇನ್ನೊಂದು ನೋಡಬೇಕು. ಅದು ಕುದಿಯೂದು −12 ಡಿಗ್ರಿ ಹತ್ರ. ಕಾಯಿಲ್‌ದಾಗ −25 ಇದ್ದಾಗ ಒತ್ತಡ ಹೊರಗಿನ ಗಾಳಿಗಿಂತ ಕಡಿಮಿ ಇರ್ತೈತಿ. ಆ ಕಡೆ ಸಣ್ಣ ತೂತು ಬಿದ್ರ ಗ್ಯಾಸ್ ಹೊರಗ ಬರೂದು ಬಿಟ್ಟು ಗಾಳಿನ ಒಳಗ ಹೋಗ್ತೈತಿ. ಆ ಗಾಳಿ ಕಂಡೆನ್ಸರ್‌ದಾಗ ನೀರಾಗಂಗಿಲ್ಲ, ಅಲ್ಲೇ ಜಾಗ ಹಿಡಕೊಂಡು ಕೂಡ್ತೈತಿ. ಒತ್ತಡ ಏರ್ತೈತಿ, ಕಂಪ್ರೆಸರ್ ಮುಟ್ಟಾಕ ಬರಂಗಿಲ್ಲ ಅಷ್ಟು ಕಾಯ್ತೈತಿ, ತಂಪು ಮಾತ್ರ ಇಲ್ಲ. ಗ್ಯಾಸ್ ಕಮ್ಮಿ ಆಗೇತಿ ಅಂತ ಮ್ಯಾಲಿಂದ ಮ್ಯಾಲೆ ತುಂಬಿದ್ರ ಇನ್ನೂ ಕೆಡ್ತೈತಿ. ತೂತು ಮುಚ್ಚಿ, ಡ್ರೈಯರ್ ಬದಲಿ ಮಾಡಿ, ವ್ಯಾಕ್ಯೂಮ್ ಎಳದು, ತೂಕ ಮಾಡೇ ತುಂಬಬೇಕು. ಬೆಂಕಿ ಹತ್ತೂ ಗ್ಯಾಸ್ ಐತಿ ಅದು, ಗೊತ್ತಿದ್ದವ್ರ ಕೈಯಾಗ ಕೊಡ್ರಿ.

ಕೊನೆಬೆಂಚು_ಕಿರಣ

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಒಂದು, ನನ್ನ ಗೆಳೆಯ ಸೆಲ್ಸಿಯಸ್‌ನಲ್ಲೇ ಹಾಕಿ −18/51 ಅಂತ ಬರೆದ, ಸಿಒಪಿ ಮೈನಸ್ ಬಂತು. ಕೆಳಗಿನ ವ್ಯತ್ಯಾಸ ಎರಡರಲ್ಲೂ 51 ಇರುವಾಗ ಮೇಲಿನದ್ದು ಮಾತ್ರ ಯಾಕೆ ಕೆಲ್ವಿನ್ ಆಗಬೇಕು ಅಂತ ಅವನ ವಾದ. ಎರಡು, ಅದೇ ಲೆಕ್ಕದ ಕೊನೆಯ ಭಾಗ: ಸಿಒಪಿ ಹೆಚ್ಚಿಸಲು ಒಳಗಿನ ತಾಪಮಾನ 5 ಡಿಗ್ರಿ ಏರಿಸುವುದು ಒಳ್ಳೆಯದೋ, ಹೊರಗಿನದ್ದು 5 ಡಿಗ್ರಿ ಇಳಿಸುವುದು ಒಳ್ಳೆಯದೋ?

ಭೌತಪ್ರಿಯ

ಮೊದಲನೆಯದಕ್ಕೆ: ರಿವರ್ಸಿಬಲ್ ಯಂತ್ರದ ಎರಡು ಶಾಖಗಳ ಅನುಪಾತವೇ ಎರಡು ತಾಪಮಾನಗಳ ಅನುಪಾತ. ಕೆಲ್ವಿನ್ ಮಾನವನ್ನು ಕಟ್ಟಿದ್ದೇ ಈ ಸಂಬಂಧದ ಮೇಲೆ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ, ಅದಕ್ಕೂ ಈ ಯಂತ್ರಕ್ಕೂ ನಂಟಿಲ್ಲ. ಗೆಳೆಯನಿಗೆ ಒಳಗಿನ ತಾಪಮಾನ ಸರಿಯಾಗಿ ಸೊನ್ನೆ ಡಿಗ್ರಿ ಇರುವ ಫ್ರಿಜ್ ಕೊಡಿ. ಅವನ ಸೂತ್ರದಲ್ಲಿ ಸಿಒಪಿ ಸೊನ್ನೆ ಬರುತ್ತದೆ, ಎಷ್ಟೇ ಕರೆಂಟ್ ಕೊಟ್ಟರೂ ಒಂದು ಜೂಲ್ ಕೂಡ ಹೊರಬರದ ಫ್ರಿಜ್. 273 ಹಾಕಬೇಕೋ 273.15 ಹಾಕಬೇಕೋ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಇಲ್ಲಿ 5ರ ಬದಲು 5.003 ಬರುತ್ತದೆ ಅಷ್ಟೆ.

ವಸುಧಾ_ಥರ್ಮೊ

ಎರಡನೆಯದು ಎರಡೇ ಸಾಲಿನ ಲೆಕ್ಕ.

```
260 / (306 − 260) = 260 / 46 = 5.65
255 / (301 − 255) = 255 / 46 = 5.54
```

ಅಂತರ ಎರಡರಲ್ಲೂ 46. ಆದರೆ ಒಳಗಿನದ್ದನ್ನು ಏರಿಸಿದಾಗ ಮೇಲಿನ ಸಂಖ್ಯೆಯೂ ಬೆಳೆಯುತ್ತದೆ. ಹಾಗಾಗಿ ಒಳಗೆ ಏರಿಸುವುದೇ ಸ್ವಲ್ಪ ಮೇಲು. 600 ಜೂಲ್‌ಗೆ ಹೊರಗೆ ಹೋಗುವ ಶಾಖ ಮೊದಲನೆಯದರಲ್ಲಿ 706, ಎರಡನೆಯದರಲ್ಲಿ 708. ಪರೀಕ್ಷೆಯಲ್ಲಿ ಮೊದಲನೆಯದನ್ನು ಬರೆಯಿರಿ.

ಐಸ್‌ಕ್ಯಾಂಡಿ_ಅಂಗಡಿ

ಒಳಗೆ −13 ಇಟ್ಟರೆ ನಮ್ಮ ಐಸ್‌ಕ್ರೀಂ ಮೆತ್ತಗಾಗುತ್ತೆ ಮೇಡಂ, ಯಾರೂ ತಗೊಳ್ಳಲ್ಲ.

ಗ್ಯಾಸ್‌ಚಾರ್ಜ್_ಹುಬ್ಬಳ್ಳಿ

ನಿಮಗ ಎರಡನೇದ ಸರಿ. ಒಳಗಿಂದು ಮುಟ್ಟಬ್ಯಾಡ್ರಿ. ಫ್ರೀಜರ್ ಬಿಸಲು ಬೀಳೂ ಜಾಗದಿಂದ ಸರಿಸ್ರಿ, ಒಲಿ ಹತ್ರ ಇದ್ರ ಅದನ್ನೂ ದೂರ ಇಡ್ರಿ. ಮೊದಲ ಜಾಳಗಿ ಒರಸ್ರಿ, ಅದಕ್ಕ ರೊಕ್ಕ ಬೀಳಂಗಿಲ್ಲ.